ಕಣ್ಣಿನ ಕಳೆಯ ಲೆಕ್ಕ

ದೃಶ್ಯಕಲೆಯಲ್ಲಿ ಈಚೆಗಷ್ಟೇ ಪದವಿ ಮುಗಿಸಿದ ಓದುಗರೊಬ್ಬರು ತಮ್ಮ ಪೋರ್ಟ್‌ಫೋಲಿಯೊದ ಭಾವಚಿತ್ರಗಳನ್ನು ಕಳಿಸಿ, ಲೋಪಗಳಿದ್ದರೆ ಮುಲಾಜಿಲ್ಲದೆ ಬರೆಯಿರಿ ಎಂದಿದ್ದಾರೆ. ಹೂ ಮಾರುವ ಅಜ್ಜಿಯೊಬ್ಬರನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಚಿತ್ರದ ಕೆಳಗೆ ‘ಕಣ್ಣಲ್ಲಿ ಕಳೆಯಿಲ್ಲ’ ಎಂದು ತಾವೇ ಗುರುತು ಹಾಕಿಕೊಂಡಿದ್ದಾರೆ.

ಅಜ್ಜಿಯ ಕಣ್ಣಿಗೆ ಏನೂ ಆಗಿಲ್ಲ. ಕಣ್ಣಿನ ಮುಂಭಾಗದ ಕಾರ್ನಿಯಾ ಕಣ್ಣೀರಿನಿಂದ ಸದಾ ಒದ್ದೆಯಾಗಿರುವ ಪುಟ್ಟ ಉಬ್ಬುಗನ್ನಡಿ. ಅದರ ವಕ್ರತೆಯ ತ್ರಿಜ್ಯ ಸುಮಾರು 7.8 ಮಿ.ಮೀ. ಬಿದ್ದ ಬೆಳಕಿನಲ್ಲಿ ಶೇ 2ರಿಂದ 3ರಷ್ಟನ್ನು ಮಾತ್ರ ಅದು ಹಿಂದಿರುಗಿಸುತ್ತದೆ. ಕಪ್ಪು ಪಾಪೆಯ ಬಳಿ ಅಷ್ಟೇ ಸಾಕು. ನಾವು ಕಳೆ ಎನ್ನುವುದು ದೀಪದ ಈ ಪ್ರತಿಬಿಂಬವನ್ನೇ.

ಇಲ್ಲೊಂದು ಸೊಗಸಾದ ಲೆಕ್ಕವಿದೆ. ಅಜ್ಜಿ ನೇರ ಕ್ಯಾಮೆರಾ ನೋಡುತ್ತಿದ್ದು, ಬೆಳಕು ಆ ನೋಟಕ್ಕಿಂತ 45 ಡಿಗ್ರಿ ಮೇಲಿದ್ದರೆ ಹೊಳಪು ಪಾಪೆಯ ನಡುವಿನಿಂದ ಸುಮಾರು 3 ಮಿ.ಮೀ. ಮೇಲೆ ಮೂಡುತ್ತದೆ. 60 ಡಿಗ್ರಿ ಆದರೆ ಅದು ಸುಮಾರು 4 ಮಿ.ಮೀ.ಗೆ ಏರುತ್ತದೆ. ಮೇಲಿನ ರೆಪ್ಪೆಯ ಅಂಚು ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ವಯಸ್ಸಾದವರ ರೆಪ್ಪೆ ಇನ್ನಷ್ಟು ಇಳಿದಿರುತ್ತದೆ. ನೆತ್ತಿಯ ಮೇಲಿನ ಸೂರ್ಯನ ಪ್ರತಿಬಿಂಬ ರೆಪ್ಪೆಯ ಅಡಿಗೆ ಸರಿದುಹೋಯಿತು. ಸಾಲದ್ದಕ್ಕೆ ಹುಬ್ಬಿನ ಏಣು ಕಣ್ಣಿನ ಗುಳಿಗೆ ನೆರಳು ಹಾಸಿತು. ಸ್ಟುಡಿಯೊದವರು ದೀಪವನ್ನು 45 ಡಿಗ್ರಿಯ ಆಸುಪಾಸಿನಲ್ಲಿ ಇಡುವುದಕ್ಕೆ ಇದೂ ಒಂದು ಕಾರಣ.

ಅಜ್ಜಿಯನ್ನು ಅಂಗಡಿಯ ಮಾಡಿನ ಅಂಚಿನೊಳಗೆ, ಬೀದಿಯತ್ತ ಮುಖ ಮಾಡಿ ಕೂರಿಸಿ. ಮಾಡು ನೆತ್ತಿಯ ಬಿಸಿಲನ್ನು ತಡೆಯುತ್ತದೆ, ಎದುರಿನ ತೆರೆದ ಆಕಾಶವೇ ದೊಡ್ಡ ದೀಪವಾಗುತ್ತದೆ. ಗಲ್ಲವನ್ನು ತುಸುವೇ ಎತ್ತಿಸಿ. ಎದೆಯ ಮಟ್ಟದಲ್ಲಿ ಬಿಳಿ ಥರ್ಮಾಕೋಲ್ ಹಿಡಿದರೂ ಗುಳಿಯ ನೆರಳು ತಿಳಿಯಾಗುತ್ತದೆ, ಆದರೆ ಹೊಳಪು ಪಾಪೆಯ ಕೆಳಗೆ ಕೂತು ನೋಟ ಅಸಹಜವಾಗುವ ಅಪಾಯವುಂಟು.

ಕಣ್ಣಿನ ಇದೇ ಕನ್ನಡಿ ನೀವು ಸ್ಟುಡಿಯೊದಲ್ಲಿ ತೆಗೆದ ಯುವಕನೊಬ್ಬನ ಚಿತ್ರದ ಗುಟ್ಟನ್ನೂ ಹೇಳಿಬಿಟ್ಟಿದೆ. ಆ ಯುವಕನ ಒಂದೊಂದು ಕಣ್ಣಲ್ಲೂ ಎರಡೆರಡು ಬಿಳಿ ಚೌಕಗಳು ಕಾಣುತ್ತವೆ. ಎಡಬಲದ ಸಾಫ್ಟ್‌ಬಾಕ್ಸ್‌ಗಳಿಗೆ ಒಂದೇ ಶಕ್ತಿ ಕೊಟ್ಟಿದ್ದೀರಿ, ಹಾಗಾಗಿ ಮೂಗಿಗೆ ನೆರಳಿಲ್ಲ, ಕೆನ್ನೆಗೆ ಉಬ್ಬಿಲ್ಲ. ಒಂದನ್ನು ನಂದಿಸಿ.

ಅವನ ನಗುವೂ ತುಟಿಯಲ್ಲೇ ನಿಂತಿದೆ. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲ ಸ್ನಾಯು ಬಿಗಿದು, ಕೆನ್ನೆ ಏರಿ, ಕೆಳರೆಪ್ಪೆ ಉಬ್ಬುತ್ತದೆ. ಫ್ರಾನ್ಸಿನ ವೈದ್ಯ ಡುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ, ಫೋಟೊ ತೆಗೆಸಿ 1862ರಲ್ಲೇ ಇದನ್ನು ವಿವರಿಸಿದ್ದರು. ಅವನ ಕೆಳರೆಪ್ಪೆ ಚಪ್ಪಟೆಯಾಗಿಯೇ ಇದೆ. ‘ನಗಿ’ ಎಂದು ಹೇಳಿ ಕಾಯುತ್ತಾ ನಿಂತರೆ ಹೀಗೇ ಆಗುತ್ತದೆ. ಮಾತಿಗೆಳೆಯಿರಿ, ನಗು ತಾನಾಗಿ ಬಂದಾಗ ಕೆಳರೆಪ್ಪೆಯನ್ನು ನೋಡಿಕೊಂಡು ಕ್ಲಿಕ್ಕಿಸಿ.