ಯಾವ ಪೋಸ್ಟ್ ಗಿರಾಕಿಯನ್ನು ಕರೆತಂದಿತು?

ಇನ್‌ಸ್ಟಾಗ್ರಾಮ್ ಪೋಸ್ಟ್‌ನ ಕ್ಯಾಪ್ಷನ್‌ನಲ್ಲಿ ಅಂಗಡಿಯ ವಿಳಾಸ ಬರೆದರೆ ಅದು ಬರೀ ಅಕ್ಷರವಾಗಿ ಉಳಿಯುತ್ತದೆ, ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಮಾರಾಟ ಮಾಡುವವರೆಲ್ಲ ‘ಲಿಂಕ್ ಬಯೋದಲ್ಲಿದೆ’ ಎಂದು ಬರೆಯುವುದು ಇದಕ್ಕೇ. ಬಹುಕಾಲ ಬಯೋದಲ್ಲಿ ಒಂದೇ ಲಿಂಕ್ ಹಾಕಲು ಸಾಧ್ಯವಿತ್ತು. ಆ ಒಂದು ಲಿಂಕ್ ಒತ್ತಿದರೆ ಹಲವು ಬಟನ್‌ಗಳಿರುವ ಪುಟ ತೆರೆದುಕೊಳ್ಳುವ ಏರ್ಪಾಟನ್ನು 2016ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದ ಲಿಂಕ್‌ಟ್ರೀ ಜನಪ್ರಿಯಗೊಳಿಸಿತು. 2023ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್ ತಾನೇ ಬಯೋದಲ್ಲಿ ಐದು ಲಿಂಕ್‌ಗಳಿಗೆ ಅವಕಾಶ ಕೊಟ್ಟಿತು. ಆದರೂ ಇಂಥ ಪುಟಗಳ ಬಳಕೆ ನಿಂತಿಲ್ಲ. ಯಾವ ಬಟನ್ನನ್ನು ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ ಎಂಬುದು ಅದಕ್ಕೊಂದು ಕಾರಣ.

ಆದರೆ ಆ ಲೆಕ್ಕದಲ್ಲಿ ಒಂದು ಮುಖ್ಯ ಸಂಗತಿ ಇರುವುದಿಲ್ಲ. ಎಲ್ಲ ಪೋಸ್ಟ್‌ಗಳೂ ಜನರನ್ನು ಅದೇ ಬಯೋಗೆ ಕಳಿಸುತ್ತವೆ. ಬಂದವರು ಸೋಮವಾರದ ರೀಲ್ ನೋಡಿ ಬಂದರೋ, ಗುರುವಾರದ ಫೋಟೊ ನೋಡಿ ಬಂದರೋ, ಬಟನ್‌ಗೆ ಗೊತ್ತಿಲ್ಲ. ಲಿಂಕ್‌ನ ತುದಿಗೆ `utm_source=instagram` ಎಂದು ಸೇರಿಸಿದರೆ ಜನ ಇನ್‌ಸ್ಟಾಗ್ರಾಮ್‌ನಿಂದ ಬಂದರು ಎನ್ನುವುದಷ್ಟೇ ತಿಳಿಯುತ್ತದೆ. ಸ್ಟೋರಿಯಲ್ಲಿ ಹಾಕುವ ಲಿಂಕ್ ಸ್ಟಿಕರ್‌ಗೆ ಅದರದೇ ಲೆಕ್ಕ ಇರುತ್ತದೆ, ಅಲ್ಲಿ ಈ ಗೊಂದಲವಿಲ್ಲ. ಉಳಿದ ಪೋಸ್ಟ್‌ಗಳ ಮಟ್ಟಿಗೆ ನಮಗಿರುವ ಸುಳಿವು ಒಂದೇ: ದಿನಾಂಕ. ಪೋಸ್ಟ್ ಹಾಕಿದ ದಿನ ಕ್ಲಿಕ್ ಏರಿತೇ ಎಂದು ನೋಡಬೇಕು. ಹಾಗೆ ನೋಡಲು ದಿನದಿನದ ಕ್ಲಿಕ್ ನಮ್ಮ ಕೈಯಲ್ಲಿರಬೇಕು.

ಹಲವು ಸೇವೆಗಳು ಪುಕ್ಕಟೆ ಖಾತೆಗೆ ತೋರಿಸುವುದು ಈವರೆಗಿನ ಒಟ್ಟು ಕ್ಲಿಕ್ ಅಥವಾ ಇತ್ತೀಚಿನ ಕೆಲವು ವಾರಗಳ ಲೆಕ್ಕ ಮಾತ್ರ. ಮೂರು ತಿಂಗಳ ಹಿಂದಿನ ಪೋಸ್ಟ್ ಏನು ಮಾಡಿತು ಎಂದು ಆಮೇಲೆ ಕೇಳಿದರೆ ಉತ್ತರವಿಲ್ಲ. ಆದ್ದರಿಂದ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಪ್ರತಿ ಬಟನ್‌ನ ಒಟ್ಟು ಸಂಖ್ಯೆಯನ್ನು ತೆಗೆದು ಶೀಟ್‌ಗೆ ಸೇರಿಸುತ್ತ ಹೋಗಬೇಕು. ಸೇವೆ ಎಪಿಐ ಕೊಡುವುದಾದರೆ ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಚಿಕ್ಕ ಪ್ರೋಗ್ರಾಂ ಬರೆದು ಟ್ರಿಗರ್ ಇಡಬಹುದು. ನಾವು ಯಾವ ಗಂಟೆ ಆರಿಸುತ್ತೇವೋ ಆ ಗಂಟೆಯೊಳಗೆ ಯಾವುದೋ ಒಂದು ನಿಮಿಷದಲ್ಲಿ ಅದು ತಾನಾಗಿ ಓಡುತ್ತದೆ. ಸಿಎಸ್‌ವಿ ಫೈಲ್ ಇಳಿಸಿಕೊಳ್ಳಲು ಮಾತ್ರ ಅವಕಾಶವಿದ್ದರೆ ಕೈಯಾರೆ ಮಾಡಬೇಕು, ಅಷ್ಟೆ. ಬೇಕಾದದ್ದು ತಪ್ಪದ ಹೊತ್ತು.

ಆ ಹೊತ್ತು ಯಾವುದು ಎನ್ನುವುದರಲ್ಲಿ ಒಂದು ಅನುಕೂಲವಿದೆ. ಇನ್‌ಸ್ಟಾಗ್ರಾಮ್‌ನ ಎಪಿಐ ಪೋಸ್ಟ್‌ಗಳ ಸಮಯವನ್ನು ಭಾರತದ ಗಡಿಯಾರದಲ್ಲಿ ಕೊಡುವುದಿಲ್ಲ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಕೊಡುತ್ತದೆ. ಸಮಯದ ಕೊನೆಯಲ್ಲಿ `+0000` ಎಂದಿರುವುದು ಅದರ ಗುರುತು. ಯುಟಿಸಿಯ ಹೊಸ ದಿನ ನಮಗೆ ಬೆಳಗಿನ 5.30ಕ್ಕೆ ಶುರುವಾಗುತ್ತದೆ. ನಮ್ಮ ಟ್ರಿಗರ್ ಬೆಳಿಗ್ಗೆ 5ರಿಂದ 6ರ ನಡುವೆ ಓಡುವಂತೆ ಇಟ್ಟರೆ ಕ್ಲಿಕ್‌ನ ದಿನ, ಪೋಸ್ಟ್‌ನ ದಿನ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ತುಂಡಾಗುತ್ತವೆ. ಸಂಜೆ ಏಳಕ್ಕೆ ಹಾಕಿದ ಪೋಸ್ಟನ್ನು ರಾತ್ರಿ ಒಂದು ಗಂಟೆಗೆ ನೋಡಿ ಒತ್ತಿದವರ ಕ್ಲಿಕ್ಕೂ ಪೋಸ್ಟ್‌ನ ದಿನಕ್ಕೇ ಸೇರುತ್ತದೆ. ಮಧ್ಯರಾತ್ರಿಗೆ ಲೆಕ್ಕ ತೆಗೆದಿದ್ದರೆ ಅದು ಮರುದಿನದ ಪಾಲಾಗುತ್ತಿತ್ತು.

ಒಟ್ಟು ಸಂಖ್ಯೆಯಿಂದ ದಿನದ ಸಂಖ್ಯೆ ಬರುವುದು ಕಳೆಯುವ ಲೆಕ್ಕದಿಂದ. ಭಾನುವಾರ ಬೆಳಿಗ್ಗೆ ಒಂದು ಬಟನ್‌ನ ಒಟ್ಟು 2,340 ಇದ್ದು, ಸೋಮವಾರ ಬೆಳಿಗ್ಗೆ 2,351 ಆಗಿದ್ದರೆ ನಡುವಿನ 11 ಕ್ಲಿಕ್ ಭಾನುವಾರದ್ದು. ಲೆಕ್ಕ ತೆಗೆದದ್ದು ಸೋಮವಾರವೆಂದು ಸೋಮವಾರದ ಹೆಸರಿಗೆ ಬರೆದರೆ ಇಡೀ ಶೀಟ್ ಒಂದು ದಿನ ಮುಂದೆ ಸರಿಯುತ್ತದೆ. ಎಲ್ಲ ಪೋಸ್ಟ್‌ಗಳೂ ಮರುದಿನವೇ ಫಲ ಕೊಟ್ಟಂತೆ ಕಾಣುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು. ಒಂದು ದಿನ ಟ್ರಿಗರ್ ಕೆಲಸ ಮಾಡದೇ ಹೋದರೆ ಮರುದಿನದ ವ್ಯತ್ಯಾಸದಲ್ಲಿ ಎರಡು ದಿನದ ಕ್ಲಿಕ್ ಕೂಡಿರುತ್ತದೆ, ಅದು ಇಲ್ಲದ ಏರಿಕೆ. ಬಟನ್ ಅಳಿಸಿ ಮತ್ತೆ ಹಾಕಿದರೆ ಎಣಿಕೆ ಸೊನ್ನೆಯಿಂದ ಶುರುವಾಗಿ, ಕಳೆದಾಗ ಋಣ ಸಂಖ್ಯೆ ಬರುತ್ತದೆ. ಹಾಗಾಗಿ ಬಟನ್ನಿನ ಹೆಸರು ಬದಲಿಸಬೇಕೆನಿಸಿದರೆ ಅದನ್ನೇ ತಿದ್ದಿ, ಅಳಿಸಬೇಡಿ.

ಈಗ ಒಂದು ಉದಾಹರಣೆ. ಸಾಗರದ ಕಡೆಯ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ, ನೆಲ್ಲಿಕಾಯಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರುತ್ತಾರೆ ಎಂದುಕೊಳ್ಳಿ. ಬಯೋ ಪುಟದಲ್ಲಿ ಮೂರಕ್ಕೂ ಬೇರೆ ಬೇರೆ ಬಟನ್ ಇದೆ. ‘ನಮ್ಮ ಅಂಗಡಿ’ ಎಂಬ ಒಂದೇ ಬಟನ್ ಇದ್ದಿದ್ದರೆ ಹಪ್ಪಳದ ಪೋಸ್ಟ್ ಉಪ್ಪಿನಕಾಯಿಯ ಲೆಕ್ಕ ಕೆಡಿಸುತ್ತಿತ್ತು. ಶೀಟ್‌ನಲ್ಲಿ ಎರಡು ಹಾಳೆ. `Clicks` ಹಾಳೆಯಲ್ಲಿ ದಿನಾಂಕ, ಬಟನ್, ಕ್ಲಿಕ್. `Posts` ಹಾಳೆಯಲ್ಲಿ ಪೋಸ್ಟ್‌ನ ಹೆಸರು, ದಿನಾಂಕ, ಅದು ಯಾವ ಬಟನ್ನಿಗೆ ಸಂಬಂಧಿಸಿದ್ದು ಎಂಬ ಮಾಹಿತಿ. ಪ್ರತಿ ಪೋಸ್ಟ್‌ನ ಮುಂದೆ, ಅದನ್ನು ಹಾಕಿದ ದಿನ ಮತ್ತು ಮರುದಿನದ ಕ್ಲಿಕ್ ಕೂಡಿಸುವ ಸೂತ್ರ ಇದು:

```
=SUMIFS(Clicks!C:C, Clicks!B:B, C2, Clicks!A:A, ">="&B2, Clicks!A:A, "<"&B2+2)
```

ದಿನಾಂಕಕ್ಕೆ ದಿನಾಂಕ ನೇರವಾಗಿ ಹೊಂದಿಸಿ ಎರಡು ಹಾಳೆಗಳನ್ನು ಒಂದಾಗಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಒಂದೇ ದಿನ ಅಪ್ಪೆಮಿಡಿಯ ಎರಡು ಪೋಸ್ಟ್ ಹಾಕಿದ್ದರೆ ಆ ದಿನದ ಕ್ಲಿಕ್ ಎರಡು ಸಾಲಿನಲ್ಲೂ ಬಂದು ಇಮ್ಮಡಿಯಾಗುತ್ತದೆ. ಪೋಸ್ಟ್ ಇಲ್ಲದ ದಿನಗಳ ಸಾಲುಗಳಂತೂ ಕಾಣೆಯಾಗಬಹುದು, ಆ ದಿನಗಳೇ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದವು. ಮೇಲಿನ ಸೂತ್ರ ಪೋಸ್ಟ್ ಇಲ್ಲದ ದಿನಗಳನ್ನು `Clicks` ಹಾಳೆಯಲ್ಲಿ ಹಾಗೇ ಉಳಿಸುತ್ತದೆ. ಹತ್ತಿರ ಹತ್ತಿರದ ಪೋಸ್ಟ್‌ಗಳಲ್ಲಿ ಎರಡೆರಡು ಸಲ ಎಣಿಸುವ ಅಪಾಯ ಮಾತ್ರ ಇಲ್ಲೂ ಇದೆ. ಪತ್ತೆ ಮಾಡುವುದು ಸುಲಭ: ಪೋಸ್ಟ್‌ಗಳ ಮುಂದಿನ ಮೊತ್ತವೆಲ್ಲ ಕೂಡಿಸಿದಾಗ ಆ ತಿಂಗಳ ಒಟ್ಟು ಕ್ಲಿಕ್‌ಗಿಂತ ಹೆಚ್ಚಾದರೆ ಎಲ್ಲೋ ಇಮ್ಮಡಿ ಎಣಿಕೆ ನಡೆದಿದೆ.

ಪೋಸ್ಟ್ ಇಲ್ಲದ ದಿನವೂ ಜನ ಬರುತ್ತಾರೆ. ಹಳೆಯ ಗಿರಾಕಿಗಳು, ಹುಡುಕಿಕೊಂಡು ಬಂದವರು, ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿದವರು. ನಮ್ಮ ಉದಾಹರಣೆಯಲ್ಲಿ ಅಪ್ಪೆಮಿಡಿ ಬಟನ್ನಿಗೆ ಏಳು ಸುಮ್ಮನಿದ್ದ ದಿನಗಳಲ್ಲಿ 12, 9, 14, 11, 10, 13, 11 ಕ್ಲಿಕ್ ಬಂದಿವೆ ಎನ್ನೋಣ. ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಡುವೆ ನಿಲ್ಲುವ ಸಂಖ್ಯೆ, ಶಾಲೆಯಲ್ಲಿ ಕಲಿತ ಮಧ್ಯಾಂಕ, 11. ಎರಡು ದಿನಕ್ಕೆ 22. ಯಾವ ಪೋಸ್ಟೂ ಹಾಕದಿದ್ದರೂ ಈ 22 ಬರುತ್ತಿತ್ತು. ಸರಾಸರಿಯ ಬದಲು ಮಧ್ಯಾಂಕ ಹಿಡಿಯುವುದೇಕೆಂದರೆ, ಯಾರೋ ನಮ್ಮ ಬಗ್ಗೆ ಬರೆದು ಒಂದೇ ದಿನ ನೂರು ಜನ ಬಂದುಬಿಟ್ಟರೆ ಸರಾಸರಿ ಹಾಳಾಗುತ್ತದೆ, ಮಧ್ಯಾಂಕ ಅಷ್ಟಾಗಿ ಅಲ್ಲಾಡುವುದಿಲ್ಲ.

ಸೋಮವಾರ ಮರದಿಂದ ಮಿಡಿ ಕೊಯ್ಯುವ ರೀಲ್ ಹಾಕಿದರು. 900 ಲೈಕ್ ಬಂತು. ಎರಡು ದಿನದ ಕ್ಲಿಕ್ 16 ಮತ್ತು 13, ಒಟ್ಟು 29. ಗುರುವಾರ ಒಂದು ಸಾದಾ ಫೋಟೊ: ಒಂದು ಕಿಲೋ ಬಾಟಲಿ, ಅದರ ಬೆಲೆ, ಬೆಂಗಳೂರಿಗೆ ತಲುಪಲು ಎಷ್ಟು ದಿನ ಬೇಕೆಂಬ ಮಾತು. ಲೈಕ್ 120. ಕ್ಲಿಕ್ 41 ಮತ್ತು 27, ಒಟ್ಟು 68. ಮಾಮೂಲಿನ 22 ಕಳೆದರೆ ರೀಲ್‌ನ ಪಾಲು 7, ಫೋಟೊದ ಪಾಲು 46.

ಈ 7ನ್ನು ನಾನು ಗೆಲುವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮ್ಮನಿದ್ದ ದಿನಗಳೇ 9ರಿಂದ 14ರವರೆಗೆ ಏರಿಳಿಯುತ್ತಿರುವಾಗ ಎರಡು ದಿನಕ್ಕೆ 27 ತಾನಾಗಿಯೇ ಬರಬಹುದು. 29 ಅದರ ಪಕ್ಕದಲ್ಲೇ ಇದೆ. ಫೋಟೊದ 46 ಆ ಏರಿಳಿತದಿಂದ ತುಂಬ ದೂರವಿದೆ, ಅಲ್ಲಿ ಏನೋ ನಿಜವಾಗಿ ನಡೆದಿದೆ. ಆದರೂ ಒಂದು ಫೋಟೊದಿಂದ ‘ಬೆಲೆ ಹಾಕಿದರೆ ಜನ ಬರುತ್ತಾರೆ’ ಎಂದು ತೀರ್ಮಾನಿಸಲಾಗದು. ಅಂಥ ಐದಾರು ಫೋಟೊ, ಐದಾರು ರೀಲ್ ಬೇರೆ ಬೇರೆ ವಾರಗಳಲ್ಲಿ ಹಾಕಿ, ಪ್ರತಿಯೊಂದರ ಹೆಚ್ಚುವರಿ ಕ್ಲಿಕ್ ಪಕ್ಕಪಕ್ಕ ಇಟ್ಟು ನೋಡಬೇಕು. ರೀಲ್‌ಗೆ ಇನ್ನೊಂದು ನ್ಯಾಯವೂ ಸಲ್ಲಬೇಕು. ಹಾಕಿ ವಾರ ಕಳೆದ ಮೇಲೂ ಅದು ಹೊಸಬರ ಮುಂದೆ ಬರುತ್ತಿರುತ್ತದೆ. ಸೂತ್ರದ ಕೊನೆಯ 2ರ ಜಾಗದಲ್ಲಿ 7 ಹಾಕಿ, ಮಾಮೂಲನ್ನೂ ಏಳು ದಿನಕ್ಕೆ 77 ಎಂದು ಹಿಡಿದು ಇನ್ನೊಮ್ಮೆ ನೋಡಿದರೆ ನಿಧಾನವಾಗಿ ಕೆಲಸ ಮಾಡುವ ರೀಲ್ ಬೇರೆಯಾಗಿ ಕಾಣಿಸೀತು. ಆ ವಾರದಲ್ಲಿ ಅದೇ ಬಟನ್ನಿನ ಬೇರೆ ಪೋಸ್ಟ್ ಇರಬಾರದು, ಇದ್ದರೆ ಆ ಸಾಲಿಗೆ ‘ಬೆರಕೆ’ ಎಂದು ಗುರುತು ಹಾಕಿ ಹೋಲಿಕೆಯಿಂದ ಹೊರಗಿಡುವುದು ಒಳ್ಳೆಯದು. ಎರಡು ಪೋಸ್ಟ್‌ಗಳಿಗೆ ಅರ್ಧರ್ಧ ಹಂಚಿದರೆ ಲೆಕ್ಕ ಮುಗಿದಂತೆ ಕಾಣುತ್ತದೆ, ತಿಳಿದದ್ದು ಮಾತ್ರ ಏನೂ ಇರುವುದಿಲ್ಲ.

ದಿನಾಂಕ ಹೇಗೆ ಬರೆದಿದೆ ಎನ್ನುವುದು ಸಣ್ಣ ವಿಷಯ, ಆದರೆ ಬಹಳ ಶೀಟ್‌ಗಳು ಕೆಡುವುದು ಅಲ್ಲೇ. ಶೀಟ್‌ನ ಸೆಟ್ಟಿಂಗ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 05/03 ನಮಗೆ ಮಾರ್ಚ್ 5, ಅದಕ್ಕೆ ಮೇ 3. 12ರ ನಂತರದ ತಾರೀಖುಗಳು ಅದಕ್ಕೆ ತಿಂಗಳಾಗಿ ಅರ್ಥವಾಗದೆ ಬರೀ ಅಕ್ಷರವಾಗಿ ಉಳಿಯುತ್ತವೆ, ಅಂಥ ಸಾಲುಗಳ ಕ್ಲಿಕ್ ಲೆಕ್ಕಕ್ಕೇ ಬರುವುದಿಲ್ಲ. ಕಣ್ಣಿಗೆ ಕಾಣುವ ಗುರುತಿದೆ: ನಿಜವಾದ ದಿನಾಂಕ ಕೋಶದ ಬಲಕ್ಕೆ ಅಂಟಿರುತ್ತದೆ, ಅಕ್ಷರವಾಗಿ ಕೂತದ್ದು ಎಡಕ್ಕೆ. ದೇಶವನ್ನು ಭಾರತ ಎಂದು ಬದಲಿಸಿ, ದಿನಾಂಕವನ್ನು 2025-03-05ರಂತೆ ವರ್ಷದಿಂದ ಶುರುಮಾಡಿ ಬರೆದರೆ ಈ ತೊಂದರೆ ತಪ್ಪುತ್ತದೆ.

ಸ್ಟೋರಿಗಳನ್ನೂ `Posts` ಹಾಳೆಯಲ್ಲಿ ಬರೆದಿಡಬೇಕು. 24 ಗಂಟೆಯಲ್ಲಿ ಅವು ಕಣ್ಣಿನಿಂದ ಮರೆಯಾಗುತ್ತವೆ, ತಿಂಗಳ ನಂತರ ಶೀಟ್ ನೋಡುವಾಗ ಬುಧವಾರದ ಏರಿಕೆಗೆ ಕಾರಣ ಸಿಗದೆ ಪಕ್ಕದ ಪೋಸ್ಟ್‌ಗೆ ಶ್ರೇಯಸ್ಸು ಹೋಗಿಬಿಡುತ್ತದೆ. ಯುಗಾದಿ, ದೀಪಾವಳಿ, ತಿಂಗಳ ಮೊದಲ ವಾರದ ಸಂಬಳ ಇವನ್ನೂ ಒಂದು ಕಾಲಮ್ಮಿನಲ್ಲಿ ನಮೂದಿಸಿ. ಅಪ್ಪೆಮಿಡಿಯ ಮಟ್ಟಿಗೆ ಮಿಡಿ ಬರುವ ಬೇಸಿಗೆಯ ಆರಂಭದಲ್ಲಿ ಮಾಮೂಲು ಕ್ಲಿಕ್ಕೇ ಏರುತ್ತದೆ. ಮಳೆಗಾಲದಲ್ಲಿ ಹಿಡಿದ 11ನ್ನು ಮಾರ್ಚ್‌ನಲ್ಲೂ ಕಳೆಯುತ್ತ ಕೂತರೆ ಹಾಕಿದ ಎಲ್ಲ ಪೋಸ್ಟೂ ಗೆದ್ದಂತೆ ಕಾಣುತ್ತದೆ. ಮಧ್ಯಾಂಕವನ್ನು ಪ್ರತಿ ಸಲ ಹಿಂದಿನ ಎರಡು ವಾರದ ಸುಮ್ಮನಿದ್ದ ದಿನಗಳಿಂದಲೇ ತೆಗೆಯಬೇಕು.

ಸುಮ್ಮನಿದ್ದ ದಿನಗಳೇ ಇಲ್ಲದ ಖಾತೆಗೆ, ಅಂದರೆ ದಿನವೂ ಪೋಸ್ಟ್ ಹಾಕುವವರಿಗೆ, ಈ ಲೆಕ್ಕ ನಡೆಯುವುದಿಲ್ಲ. ಅಂಥವರು ಒಂದು ತಿಂಗಳ ಮಟ್ಟಿಗೆ ವಾರಕ್ಕೆ ಎರಡೇ ಪೋಸ್ಟ್ ಹಾಕಿ, ನಡುವೆ ಎರಡು ಮೂರು ದಿನ ಬಿಟ್ಟು, ಪೋಸ್ಟ್ ಇಲ್ಲದಿದ್ದಾಗ ಎಷ್ಟು ಜನ ಬರುತ್ತಾರೆಂದು ಮೊದಲು ತಿಳಿದುಕೊಳ್ಳಲಿ. ಪೋಸ್ಟ್‌ಗಳ ಲೆಕ್ಕಕ್ಕೆ ಆಮೇಲೆ ಕೈಹಾಕಲಿ.