ಬಣ್ಣದ ಅಣುವಿಗೆ ಅಳತೆಪಟ್ಟಿ

ಹಳೆಯ ಫೋಟೊ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಅವುಗಳಲ್ಲಿದ್ದ ಬೆಳ್ಳಿಯ ಲವಣ ಹೆಚ್ಚಾಗಿ ನೀಲಿ ಬೆಳಕಿಗಷ್ಟೇ ಸ್ಪಂದಿಸುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಿನಾಸಯನಾಲ್ ಎಂಬ ಬಣ್ಣ ಈ ಕೊರತೆ ನೀಗಿತು. ಅದರ ಚಿಟಿಕೆ ಪುಡಿಯನ್ನು ಮೆಥನಾಲ್‌ಗೆ ಹಾಕಿದರೆ ದ್ರಾವಣ ಕಡು ನೀಲಿಯಾಗುತ್ತದೆ. ಅದು ಸುಮಾರು 605 ನ್ಯಾನೊಮೀಟರಿನ ಕಿತ್ತಳೆ ಬೆಳಕನ್ನು ಹೀರಿಕೊಳ್ಳುತ್ತದೆ. 605 ಎಲ್ಲಿಂದ ಬಂತು?

ಈ ಅಣುವಿನ ನಡುವೆ ಎರಡು ನೈಟ್ರೋಜನ್‌ಗಳನ್ನು ಐದು ಕಾರ್ಬನ್‌ಗಳ ಸರಪಳಿ ಜೋಡಿಸುತ್ತದೆ. ಅದರ ಮೇಲೆ ಎಂಟು ಎಲೆಕ್ಟ್ರಾನ್‌ಗಳು ಯಾವ ಒಂದು ಬಂಧಕ್ಕೂ ಅಂಟಿಕೊಳ್ಳದೆ ಓಡಾಡುತ್ತವೆ. 1940ರ ದಶಕದ ಕೊನೆಗೆ ಹಾನ್ಸ್ ಕೂನ್ ಈ ಸರಪಳಿಯನ್ನು ಎರಡೂ ತುದಿಗೆ ಗೋಡೆಯಿರುವ ಪೆಟ್ಟಿಗೆ ಎಂದೇ ಎಣಿಸಿ ಲೆಕ್ಕ ಹಾಕಿದರು. ಬಿಗಿದ ತಂತಿಯಂತೆ ಎಲೆಕ್ಟ್ರಾನಿನ ಅಲೆಯೂ ಪೆಟ್ಟಿಗೆಯೊಳಗೆ ಇಡೀ ಅರ್ಧ ಅಲೆಗಳಾಗಿಯೇ ಕೂರಬೇಕು. ಹಾಗಾಗಿ ಶಕ್ತಿಯ ಮಟ್ಟಗಳು 1, 4, 9, 16, 25 ಎಂದು ಏರುತ್ತವೆ. ಮಟ್ಟಕ್ಕೆ ಇಬ್ಬರಂತೆ ಎಂಟು ಎಲೆಕ್ಟ್ರಾನ್‌ಗಳು ಮೊದಲ ನಾಲ್ಕು ಮಟ್ಟಗಳನ್ನು ತುಂಬುತ್ತವೆ. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ನಾಲ್ಕರಿಂದ ಐದಕ್ಕೆ ಹಾರುತ್ತದೆ. ಅಂತರ 25 − 16, ಅಂದರೆ 9 ಪಾಲು. ಒಂದು ಪಾಲು ಎಷ್ಟೆಂಬುದನ್ನು ಪೆಟ್ಟಿಗೆಯ ಉದ್ದ ನಿರ್ಧರಿಸುತ್ತದೆ: ಉದ್ದ ಎರಡರಷ್ಟಾದರೆ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ.

ಏಳು ಪರಮಾಣುಗಳ ನಡುವೆ ಆರು ಬಂಧ, ತುದಿಗೆ ಒಂದೊಂದು ಸೇರಿಸಿ ಎಂಟು. ಬಂಧಕ್ಕೆ 0.139 ನ್ಯಾನೊಮೀಟರಿನಂತೆ ಪೆಟ್ಟಿಗೆಯ ಉದ್ದ 1.11. ಇದರಿಂದ ಬರುವ ತರಂಗಾಂತರ 453. ಅಳತೆಗೆ ಇದು ತುಂಬಾ ಕಡಿಮೆ. ಕಾರಣ ತುದಿಗಳಲ್ಲಿದೆ: ನೈಟ್ರೋಜನ್‌ಗಳು ಉಂಗುರಗಳಲ್ಲಿ ಸೇರಿರುವುದರಿಂದ ಎಲೆಕ್ಟ್ರಾನ್‌ಗಳು ಅಲ್ಲಿಗೂ ಚಾಚಿಕೊಳ್ಳುತ್ತವೆ. 605 ಬರಬೇಕಾದರೆ ಉದ್ದವನ್ನು 1.285ಕ್ಕೆ, ಅಂದರೆ ಒಂದೂಕಾಲು ಬಂಧದಷ್ಟು ಹಿಗ್ಗಿಸಬೇಕು.

ಉತ್ತರ ನೋಡಿ ಹೊಂದಿಸಿದ ಸಂಖ್ಯೆಯನ್ನು ನಾನಂತೂ ಸುಮ್ಮನೆ ಒಪ್ಪುವುದಿಲ್ಲ. ಅದನ್ನು ಬದಲಿಸದೆ ನೆಂಟ ಅಣುಗಳ ಮೇಲೆ ಪರೀಕ್ಷಿಸಬೇಕು. ಎರಡು ಕಾರ್ಬನ್ ಕಡಿಮೆಯಿರುವ ಬಣ್ಣಕ್ಕೆ ಲೆಕ್ಕ 478 ಎನ್ನುತ್ತದೆ, ಅಳತೆ ಸುಮಾರು 525. ಎರಡು ಹೆಚ್ಚಿರುವುದಕ್ಕೆ 732 ಎನ್ನುತ್ತದೆ, ಅಳತೆ ಸುಮಾರು 707. ಕರಾರುವಾಕ್ಕಲ್ಲ, ಆದರೂ ಎರಡು ಕಾರ್ಬನ್ ಬೆಳೆದಾಗಲೆಲ್ಲ ಬಣ್ಣ ನೂರರ ಆಸುಪಾಸಿನಲ್ಲಿ ಕೆಂಪಿನತ್ತ ಸರಿಯುವುದನ್ನು ಈ ಲೆಕ್ಕ ಹಿಡಿಯುತ್ತದೆ.

ಕ್ಯಾರಟ್ಟಿನ ಬೀಟಾ ಕ್ಯಾರೊಟೀನ್‌ಗೆ ಬಂದರೆ ಮಾತ್ರ ಲೆಕ್ಕ ಪೂರ್ತಿ ಕೆಡುತ್ತದೆ. ಅಲ್ಲಿ 22 ಕಾರ್ಬನ್, 22 ಎಲೆಕ್ಟ್ರಾನ್. ತುದಿ ಹಿಗ್ಗಿಸದಿದ್ದರೂ ಇದೇ ಸೂತ್ರ 1,400 ನ್ಯಾನೊಮೀಟರ್ ದಾಟಿ ಕಣ್ಣಿಗೆ ಕಾಣದ ಅವಕೆಂಪಿಗೆ ಹೋಗುತ್ತದೆ. ನಿಜದಲ್ಲಿ ಅದು ಹೀರುವುದು 450ರ ಸುಮಾರಿನ ನೀಲಿಯನ್ನು. ಕ್ಯಾರಟ್ ಕಿತ್ತಳೆಯಾಗಿ ಕಾಣುವುದು ಅದರಿಂದಲೇ. ಪಿನಾಸಯನಾಲ್‌ನಲ್ಲಿ ಎರಡು ನೈಟ್ರೋಜನ್‌ಗಳೂ ಸರಿಸಮ, ಆದ್ದರಿಂದ ಬಂಧಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ, ಪೆಟ್ಟಿಗೆಯ ನೆಲ ಸಮತಟ್ಟು. ಕ್ಯಾರೊಟೀನಿನಲ್ಲಿ ಗಿಡ್ಡ ಬಂಧ, ಉದ್ದ ಬಂಧ ಒಂದಾದ ಮೇಲೊಂದು ಬರುತ್ತವೆ. ನೆಲದ ಈ ಏರಿಳಿತದಿಂದ ತುಂಬಿದ ಮಟ್ಟಕ್ಕೂ ಖಾಲಿ ಮಟ್ಟಕ್ಕೂ ನಡುವೆ ಹೆಚ್ಚುವರಿ ಅಂತರ ಬೀಳುತ್ತದೆ. ಸರಪಳಿ ಎಷ್ಟೇ ಬೆಳೆದರೂ ಆ ಅಂತರ ಮುಚ್ಚುವುದಿಲ್ಲ. ಅದಕ್ಕೇ ಕೂನ್ ಇಂಥ ಅಣುಗಳ ಸೂತ್ರಕ್ಕೆ ಈ ಏರಿಳಿತದ ಶಕ್ತಿಯನ್ನು ಬೇರೆಯಾಗಿ ಸೇರಿಸಿದರು.