ಕಳೆದದ್ದನ್ನು ಆಟದಲ್ಲೇ ಗಳಿಸುವ ಹಟ

‘ಸತತ ಐದು ಸಲ ಸೋತೆ, ಆರನೆಯದು ಗೆಲ್ಲಲೇಬೇಕು.’ ಜೂಜಿನ ಗೀಳು ಹಿಡಿದವರ ತಲೆಯಲ್ಲಿ ಕೂತಿರುವ ಈ ಲೆಕ್ಕಕ್ಕೇ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೈಹಾಕುತ್ತದೆ. ಚಿಕಿತ್ಸಕರು ನಾಣ್ಯ ಚಿಮ್ಮಿಸಿ, ಬಂದದ್ದನ್ನು ರೋಗಿಯಿಂದಲೇ ಬರೆಸುತ್ತಾರೆ. ಐದು ಸಲ ರಾಜ ಬಿದ್ದರೂ ಆರನೆಯ ಸಲದ ಸಾಧ್ಯತೆ ಅರ್ಧಕ್ಕರ್ಧವೇ.

ಮುಂದಿನದು ಮನೆಗೆಲಸ. ಆಡಬೇಕೆನಿಸಿದಾಗಲೆಲ್ಲ ಸಮಯ, ಜಾಗ, ಮನಸ್ಸಿಗೆ ಬಂದ ಮಾತು, ಕಳೆದ ಹಣ ಬರೆದಿಡಬೇಕು. ಕ್ರಿಕೆಟ್ ಬೆಟ್ಟಿಂಗಿಗೆ ಬಿದ್ದ ಒಬ್ಬ ನೌಕರನನ್ನು ಊಹಿಸಿಕೊಳ್ಳಿ. ಅವನ ಹಾಳೆ ತುಂಬ ‘ಸಂಬಳದ ದಿನ, ರಾತ್ರಿ, ಒಬ್ಬನೇ’ ಎಂದೇ ಇದ್ದರೆ ದಾರಿ ಅಲ್ಲೇ ಸಿಗುತ್ತದೆ: ಸಂಬಳದ ಖಾತೆ ಹೆಂಡತಿಯ ಸುಪರ್ದಿಗೆ, ಫೋನಿನಿಂದ ಯುಪಿಐ ಹೊರಗೆ. ಸೆಳೆತ ಬಂದರೆ ಅರ್ಧ ಗಂಟೆ ಮುಂದೂಡು; ಅದು ಏರಿ ತಾನೇ ಇಳಿಯುತ್ತದೆ.

1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್‌ನಂಥ ಗುಂಪುಗಳಲ್ಲಿ ಉಪನ್ಯಾಸವಿಲ್ಲ; ಸೋತವರೇ ಸೋತವರ ಮಾತು ಕೇಳುತ್ತಾರೆ. ಸಾಲದ ಪಟ್ಟಿ ಮಾಡಿ ಕಂತು ಕಟ್ಟಲು ನೆರವಾಗುತ್ತಾರೆ, ಹಣ ಮಾತ್ರ ಕೊಡುವುದಿಲ್ಲ. ಮನೆಯವರು ಗುಟ್ಟಾಗಿ ಸಾಲ ತೀರಿಸುವುದೂ, ನನ್ನ ಮಟ್ಟಿಗೆ, ಮುಂದಿನ ಪಂದ್ಯಕ್ಕೆ ಬಂಡವಾಳ ಕೊಟ್ಟಂತೆಯೇ.

ಚೇತರಿಕೆ ನೇರ ಗೆರೆಯಲ್ಲ. ತಿಂಗಳುಗಟ್ಟಲೆ ಬಿಟ್ಟವರೂ ಮತ್ತೆ ಜಾರುತ್ತಾರೆ; ಜಾರಿದ್ದನ್ನು ಮುಚ್ಚಿಡದೆ ಮರುದಿನವೇ ಹೇಳುವುದು ಸುಧಾರಣೆಯ ಗುರುತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.